ಮುಚ್ಚಳದಡಿಯ ನಾಯಿಮರಿ: ಮಗುವಿನ ಆಟ ಓದಲು ಆರು ಸೂತ್ರಗಳು

ಒಂದು ಮನೆ ಅಂದುಕೊಳ್ಳಿ. ತಮ್ಮ ಹುಟ್ಟಿ ಎರಡು ತಿಂಗಳಾಗಿದೆ. ಐದು ವರ್ಷದ ಅಕ್ಕ ಮತ್ತೆ ಹಾಸಿಗೆಯಲ್ಲಿ ಉಚ್ಚೆ ಮಾಡತೊಡಗಿದ್ದಾಳೆ. ಡಾಕ್ಟರು ನೋಡಿ, ಮೈಯಲ್ಲಿ ಏನೂ ತೊಂದರೆಯಿಲ್ಲ ಎಂದಿದ್ದಾರೆ. "ಪಾಪು ಇಷ್ಟಾನಾ ಪುಟ್ಟಿ?" ಎಂದರೆ "ಹೂಂ" ಅನ್ನುತ್ತಾಳೆ. ಆಡುವಾಗ ಮಾತ್ರ ಬಟ್ಟೆಯ ನಾಯಿಮರಿಯನ್ನು ಪಾತ್ರೆಯ ಮುಚ್ಚಳದಡಿ ಹಾಕಿ, ಅದರ ಮೇಲೆ ಕೂತುಬಿಡುತ್ತಾಳೆ. ಬಾಯಿಗೆ ಬಾರದ್ದು ಮುಚ್ಚಳದಡಿ ಇದೆ.

ಇಂಥ ಆಟದ ಜೊತೆ ಹೇಗಿರಬೇಕೆಂದು ತಂದೆತಾಯಿಗೇ ಕಲಿಸುವ ಪದ್ಧತಿಯನ್ನು 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ರೂಪಿಸಿದರು. ಅದಕ್ಕೂ ಮೊದಲು, 1947ರ ತಮ್ಮ ಪುಸ್ತಕದಲ್ಲಿ, ವರ್ಜೀನಿಯಾ ಆಕ್ಸ್‌ಲೈನ್ ಆಟದಲ್ಲಿ ಮಗು ಮುಂದೆ, ದೊಡ್ಡವರು ಹಿಂದೆ ಎಂಬ ತತ್ವವನ್ನು ಬರೆದಿಟ್ಟಿದ್ದರು. ಮನೆಗೆ ಒಗ್ಗುವಷ್ಟನ್ನು ಇಲ್ಲಿ ಕೊಟ್ಟಿದ್ದೇನೆ.

1. ವಾರಕ್ಕೆ ಅರ್ಧ ಗಂಟೆ ಮೀಸಲಿಡಿ. ಅದೇ ದಿನ, ಅದೇ ಹೊತ್ತು, ಅದೇ ಚಾಪೆ. ಫೋನು ಬೇರೆ ಕೋಣೆಯಲ್ಲಿರಲಿ, ಪಾಪುವನ್ನು ಅಜ್ಜಿ ನೋಡಿಕೊಳ್ಳಲಿ. ಮುಗಿಯಲು ಐದು ನಿಮಿಷವಿರುವಾಗ ಹೇಳಿ. ಮಗು ಅಂದು ತುಂಟತನ ಮಾಡಿತೆಂದು ಈ ಹೊತ್ತನ್ನು ಕಿತ್ತುಕೊಳ್ಳಬೇಡಿ, ಇದು ಬಹುಮಾನವಲ್ಲ.

2. ಸುಮ್ಮನಿರುವ ಆಟಿಕೆ ಆರಿಸಿ. ಗುಂಡಿ ಒತ್ತಿದರೆ ಹಾಡುವ ಬೊಂಬೆ ತನ್ನದೇ ಮಾತಾಡುತ್ತದೆ, ಮಗುವಿನ ಮಾತಿಗೆ ಜಾಗ ಬಿಡುವುದಿಲ್ಲ. ಒಂದು ಪುಟ್ಟ ಸಂಸಾರವಾಗುವಷ್ಟು ಬೊಂಬೆ, ಅಡುಗೆ ಸಾಮಾನು, ಡಾಕ್ಟರ್ ಸೆಟ್, ಹುಲಿಯೋ ಮೊಸಳೆಯೋ ಒಂದು ಸಿಟ್ಟಿನ ಪ್ರಾಣಿ, ಜೇಡಿಮಣ್ಣು, ಬಣ್ಣದ ಕಡ್ಡಿ ಸಾಕು. ಸಿಟ್ಟಿನ ಪ್ರಾಣಿಯನ್ನು ತೆಗೆದಿಡುವ ಮನೆಗಳೇ ಹೆಚ್ಚು. ಆಮೇಲೆ ಸಿಟ್ಟು ಯಾರ ವೇಷದಲ್ಲಿ ಬರಬೇಕು?

3. ಪ್ರಶ್ನೆ ಬಿಡಿ, ಕಂಡದ್ದನ್ನು ಹೇಳಿ. "ಯಾಕೆ ಮುಚ್ಚಿದೆ?" ಎಂದರೆ ಮಗು ಉತ್ತರ ಹುಡುಕಲು ಆಟ ನಿಲ್ಲಿಸುತ್ತದೆ. "ಮುಚ್ಚಳ ಗಟ್ಟಿಯಾಗಿ ಬಿತ್ತು" ಎಂದರೆ ಆಟ ಮುಂದುವರಿಯುತ್ತದೆ. ಹೆಸರಿಡುವ ಅಧಿಕಾರವೂ ಮಗುವಿನದೇ. ನಿಮಗೆ ನಾಯಿಮರಿ ಎಂದು ಕಂಡದ್ದು ಅವಳಿಗೆ ಕರಡಿಯಾಗಿರಬಹುದು; ಅವಳು ಹೇಳುವತನಕ ಅದು ಬರೀ 'ಇದು'.

4. ವೇಷ ಕಳಚಬೇಡಿ. ಎಲ್ಲರೂ ಎಡವುವುದು ಇಲ್ಲೇ. ಮುಚ್ಚಳ ಕಂಡ ತಾಯಿಗೆ ಅರ್ಥ ಹೊಳೆಯುತ್ತದೆ, "ಅದು ಪಾಪು ಅಲ್ವಾ?" ಎಂದುಬಿಡುತ್ತಾಳೆ. ಮಗು ತಕ್ಷಣ ಮುಚ್ಚಳ ತೆಗೆದು, ಬಣ್ಣದ ಕಡ್ಡಿ ಹಿಡಿದು ಕೂರುತ್ತದೆ. ನಾಯಿಮರಿಯ ಮರೆ ಇದ್ದುದರಿಂದಲೇ ತಮ್ಮನ ಮೇಲಿನ ಸಿಟ್ಟು ಹೊರಬಂದಿತ್ತು. ಮರೆ ಸರಿದರೆ ಉಳಿಯುವುದು ತಪ್ಪಿತಸ್ಥ ಭಾವ. ಆದ್ದರಿಂದ ಕಥೆಯೊಳಗೇ ಇರಿ: "ಇದು ಹೊರಗೆ ಬರೋದು ನಿಂಗೆ ಬೇಡ. ಒಳಗೇ ಇರಬೇಕು." ಅವಳು ನಿಮ್ಮನ್ನೇ ನಾಯಿಮರಿಯಾಗಲು ಕರೆದರೆ, "ಈಗ ಏನನ್ನಲಿ?" ಎಂದು ಪಿಸುಗುಟ್ಟಿ ಕೇಳಿ. "ಅಳು" ಅಂದರೆ ಅಳಿ. ಬೊಂಬೆಯಮ್ಮ ಬೈಯತೊಡಗಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡಂತೆ "ನಾನೇನು ಹಾಗೆ ಬೈತೀನಾ?" ಎನ್ನಬೇಡಿ. ನಿಮ್ಮ ಊಹೆ ತಪ್ಪೂ ಇದ್ದೀತು: ಒಳಗಿರುವುದು ತಮ್ಮನಲ್ಲ, ಯಾರಿಗೂ ಕಾಣದೆ ಹೋದ ಅವಳೇ ಇರಬಹುದು. ಕಥೆಯೊಳಗಿದ್ದರೆ ಎರಡಕ್ಕೂ ಜಾಗವಿರುತ್ತದೆ.

5. ಗೆರೆ ಎಳೆಯಬೇಕಾದರೆ ಮೂರು ಮಾತಿನಲ್ಲಿ ಎಳೆಯಿರಿ. ಅವಳು ಮುಚ್ಚಳ ಎತ್ತಿ ನಿಮಗೇ ಹೊಡೆಯಲು ಬಂದಳು. ಮೊದಲು ಭಾವ: "ನಿಂಗೆ ತುಂಬ ಸಿಟ್ಟು ಬಂದಿದೆ." ಆಮೇಲೆ ಗೆರೆ: "ನಾನು ಹೊಡೆಸಿಕೊಳ್ಳೋಕಲ್ಲ." ಕೊನೆಗೆ ದಾರಿ: "ದಿಂಬಿಗೆ ಹೊಡೀಬಹುದು." ಬೊಂಬೆಗೆ ಹೊಡೆದರೆ ಈ ಮಾತು ಬೇಡ. ತೊಟ್ಟಿಲ ಪಾಪುವಿನ ಮೇಲೆ ಕೈ ಮಾಡಿದರೆ ಮಾತಿಗೆ ಮೊದಲೇ ತಡೆಯಬೇಕು.

6. ಆಟ ಬದಲಾಗುತ್ತಿದೆಯೇ ನೋಡಿ. ಮಕ್ಕಳು ಒಂದೇ ಆಟವನ್ನು ಹತ್ತು ಸಲ ಆಡುತ್ತಾರೆ, ಅದು ಸಹಜ. ನೋಡಬೇಕಾದ್ದು ಚಿಕ್ಕ ಬದಲಾವಣೆ: ಮೂರನೇ ವಾರ ಮುಚ್ಚಳದಲ್ಲಿ ಸಂದಿ, ಐದನೇ ವಾರ ಒಳಗೆ ಒಂದು ಚಮಚ ಅನ್ನ, ಮುಂದೊಮ್ಮೆ ನಾಯಿಮರಿ ಹೊರಗೆ, ಆದರೆ ಮೂಲೆಯಲ್ಲಿ. ಹೀಗಾದರೆ ಆಟ ತನ್ನ ಕೆಲಸ ಮಾಡುತ್ತಿದೆ. ಬದಲಾಗದ ಆಟವೂ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿದ್ದರು. ಆ ಮಕ್ಕಳನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ನಡೆದದ್ದನ್ನೇ ಬಿಗಿದ ಮುಖದಲ್ಲಿ ಮತ್ತೆ ಮತ್ತೆ ಆಡುವ, ಆಡಿ ಮುಗಿದರೂ ಹಗುರಾಗದ ಆಟವನ್ನು ಗುರುತಿಸಿದರು. ಅಂಥ ಆಟ ಕಂಡರೆ, ವಯಸ್ಸಿಗೆ ಮೀರಿದ ಲೈಂಗಿಕ ವಿವರ ಆಟದಲ್ಲಿ ಬಂದರೆ, ಮಗು ತನಗೇ ನೋವು ಮಾಡಿಕೊಂಡರೆ ಚಾಪೆಯ ಮೇಲೆ ಕಾಯುತ್ತ ಕೂರಬೇಡಿ; ಮಕ್ಕಳ ಮನೋವೈದ್ಯರ ಬಳಿ ಹೋಗಿ. ಹೋಗುವಾಗ ಪ್ರತಿ ವಾರ ಏನಾಡಿದಳು, ಎಲ್ಲಿ ನಿಲ್ಲಿಸಿದಳು ಎಂದು ಎರಡು ಸಾಲು ಬರೆದಿಟ್ಟ ಪುಸ್ತಕ ಒಯ್ಯಿರಿ. ಅದನ್ನು ಅವಳ ಕೈಗೆ ಸಿಗುವಲ್ಲಿ ಇಡಬೇಡಿ.