ಹಳೆ ರಂಗೋಲಿ, ಹೊಸ ಹೂವು

ಬೆಳಗಿನ ಬಗ್ಗೆ ಹಾಯ್ಕು ಬರೆಯಲು ಕೂತವರ ಮೊದಲ ಕರಡಿನಲ್ಲಿ ‘ಭರವಸೆಯ ಕಿರಣ’ ಇದ್ದೇ ಇರುತ್ತದೆ. ಅದನ್ನು ಹೊಡೆದುಹಾಕುವುದೇ ಒಳ್ಳೆಯದು. ಭರವಸೆ ಕಣ್ಣಿಗೆ ಕಾಣುವುದಿಲ್ಲ. ಹಾಯ್ಕುವಿಗೆ ಕಾಣುವ ವಸ್ತು ಬೇಕು.

ಜಪಾನಿನ ಕವಿಗಳು ಇದಕ್ಕೆ ‘ಕಿಗೊ’ ಅಂದರೆ ಋತುಪದವನ್ನು ಬಳಸುತ್ತಾರೆ. ಅಲ್ಲಿನ ಋತುಪದಕೋಶಗಳಲ್ಲಿ ನಾಲ್ಕು ಋತುಗಳ ಜೊತೆಗೆ ಹೊಸ ವರ್ಷಕ್ಕೇ ಪ್ರತ್ಯೇಕ ವಿಭಾಗವಿದೆ. ‘ಹತ್ಸುಹಿ’ ಎಂದರೆ ವರ್ಷದ ಮೊದಲ ಸೂರ್ಯ. ಆ ಒಂದೇ ಪದ ಹೊಸ ಆರಂಭವನ್ನು ಹೇಳಿಬಿಡುತ್ತದೆ, ವಿವರಣೆ ಬೇಕಿಲ್ಲ. ಕನ್ನಡದಲ್ಲಿ ಆ ಕೆಲಸವನ್ನು ಬೇವಿನ ಹೂ ಮಾಡಬಲ್ಲದು.

‘ಹೊಸ ಬೆಳಗು / ಭರವಸೆಯ ಕಿರಣ / ಬಾಳಿಗೆ ಬಂತು’ ಎಂಬ ಕರಡನ್ನೇ ತಿದ್ದಿದರೆ ಹೀಗಾಗಬಹುದು:

ಹಳೆ ರಂಗೋಲಿ—
ಮೇಲೊಂದು ಬೇವಿನ ಹೂ
ನಿಂತ ಪೊರಕೆ

ಯುಗಾದಿ ಎನ್ನುವ ಮಾತೇ ಇಲ್ಲ, ಬೆಳಗು ಎಂದೂ ಇಲ್ಲ. ಅಂಗಳ ಗುಡಿಸಲು ಬಂದವರು ಯಾಕೆ ನಿಂತರು ಎಂಬುದು ಓದುವವರಿಗೆ ಬಿಟ್ಟದ್ದು. ಮೊದಲ ಸಾಲಿನ ಕೊನೆಯ ಗೆರೆ ಜಪಾನಿಯ ‘ಕಿರೆಜಿ’ಯ, ಅಂದರೆ ಕಡಿತಪದದ, ಜಾಗದಲ್ಲಿದೆ, ಹಳೆಯದನ್ನೂ ಹೊಸದನ್ನೂ ಒಂದು ಉಸಿರಿನಷ್ಟು ದೂರ ಇಡುತ್ತದೆ. ಕರಡಿನಲ್ಲಿ ಈ ಬಿರುಕೇ ಇರಲಿಲ್ಲ, ಮೂರು ಸಾಲೂ ಸೇರಿ ಒಂದೇ ಹೇಳಿಕೆಯಾಗಿತ್ತು.

ಇನ್ನು 5-7-5ರ ಲೆಕ್ಕ. ಜಪಾನಿಯಲ್ಲಿ ಎಣಿಸುವುದು ಅಕ್ಷರಗಳನ್ನಲ್ಲ, ನಮ್ಮ ಮಾತ್ರೆಯಂಥ ಘಟಕವನ್ನು. ‘ತೋಕ್ಯೋ’ ಎಂಬುದು ಅಲ್ಲಿ ನಾಲ್ಕು. ಮೇಲಿನ ಪದ್ಯದಲ್ಲಿ ಅಕ್ಷರಗಳು ಸರಿಯಾಗಿ 5-7-5 ಇವೆ, ಮಾತ್ರೆಗಳು ಅದಕ್ಕಿಂತ ಹೆಚ್ಚು. ಲೆಕ್ಕ ತುಂಬಲೆಂದು ‘ಸುಂದರ’, ‘ಮಧುರ’ ಸೇರಿಸುವ ಹೊತ್ತು ಬಂದರೆ ಸಾಲನ್ನು ಗಿಡ್ಡವಾಗಿಯೇ ಬಿಡಬಹುದು.