ಪುಸ್ತಕದ ಟ್ರೇಲರ್: ಕಾಗದ ಮೊದಲು, ಕತ್ತರಿ ಆಮೇಲೆ

ನಮ್ಮ ಪ್ರಕಾಶನದ ಲೇಖಕರಿಗೆ, ಅವರಿಗಾಗಿ ರಾತ್ರಿ ಕೂತು ಟ್ರೇಲರ್ ಕೂಡಿಸಿಕೊಡುವ ಮಕ್ಕಳು, ಅಳಿಯಂದಿರು, ಗೆಳೆಯರಿಗೆ ಈ ಸೂಚನೆ. ಮುಂದಿನ ಪುಸ್ತಕದಿಂದ ಇದಕ್ಕೆ ವಿನಾಯಿತಿ ಇಲ್ಲ.

ಕಳೆದ ಸಲ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆ, ತೋಟ ಕಳೆದುಕೊಂಡ ಒಂದು ಕುಟುಂಬದ ಕಾದಂಬರಿ ಅದು. ಎಪ್ಪತ್ತು ಸೆಕೆಂಡಿನ ಟ್ರೇಲರ್, ಒಂಬತ್ತು ಫೋಟೊ, ಲೇಖಕಿಯದೇ ದನಿ, ಹಿಂದೆ ಹೆಸರಾಂತ ಗಾಯಕರೊಬ್ಬರು ಹಾಡಿದ ಪುರಂದರದಾಸರ ಪದ. ದಾಸರು ತೀರಿಕೊಂಡದ್ದು 1564ರಲ್ಲಿ, ಅವರ ಪದಕ್ಕೆ ಈಗ ಯಾರ ಅಪ್ಪಣೆ ಬೇಕು ಎಂದುಕೊಂಡೆವು. ಯೂಟ್ಯೂಬಿಗೆ ಏರಿಸಿ ಅರ್ಧ ಗಂಟೆ ಆಗಿರಲಿಲ್ಲ, ಹಕ್ಕಿನ ತಕರಾರು ಬಂದು ಕೂತಿತು. ತಕರಾರು ಮಾಡಿದ ಕಂಪನಿಯದೇ ಸರಿ, ತಪ್ಪು ನಮ್ಮದು.

ಒಂದು ಹಾಡಿನಲ್ಲಿ ಮೂರು ಪದರ ಇರುತ್ತದೆ: ಸಾಹಿತ್ಯ, ಧಾಟಿ, ಧ್ವನಿಮುದ್ರಣ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಮೊದಲೆರಡಕ್ಕೆ ಬರೆದವರು ಅಥವಾ ಸಂಯೋಜಿಸಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮುದ್ರಣಕ್ಕೆ, ಅದು ಹೊರಬಂದ ಮೇಲೆ 60 ವರ್ಷ. ದಾಸರ ಸಾಹಿತ್ಯ ಎಲ್ಲರದು, ನಿಜ. ಆದರೆ ನಾವು ಬಳಸಿದ ಕ್ಯಾಸೆಟ್ಟಿನ ದನಿ ಕಂಪನಿಯದು. ನಡುವಿನ ಪದರವನ್ನು ಮರೆಯುವವರೇ ಹೆಚ್ಚು. ದಾಸರ ಕಾಲದ ಧಾಟಿಗಳು ಬಹುಪಾಲು ಉಳಿದಿಲ್ಲ. ಇವತ್ತು ನಮ್ಮ ಕಿವಿಯಲ್ಲಿರುವ ಎಷ್ಟೋ ಧಾಟಿಗಳನ್ನು ಕೂಡಿಸಿದವರು ಕಳೆದ ಶತಮಾನದ ಗಾಯಕರು, ಸಂಯೋಜಕರು. ಹಾಗಾಗಿ ಪಕ್ಕದ ಮನೆಯ ಹುಡುಗಿಯಿಂದ ಅದೇ ಪದವನ್ನು ಅದೇ ಧಾಟಿಯಲ್ಲಿ ಹಾಡಿಸಿದರೂ ಸಮಸ್ಯೆ ಪೂರ್ತಿ ತೀರುವುದಿಲ್ಲ.

ಬಳಸಬಾರದು: ಸಿನಿಮಾ ಹಾಡು, ಭಾವಗೀತೆಯ ಕ್ಯಾಸೆಟ್, ಟಿವಿ ಧಾರಾವಾಹಿಯ ಸಂಗೀತ, ಹತ್ತು ಸೆಕೆಂಡು ಸಹ. ಹತ್ತು ಸೆಕೆಂಡಿನವರೆಗೆ ಪರವಾಗಿಲ್ಲ ಎಂಬ ಮಾತು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಕಾಯ್ದೆ ಬಿಟ್ಟುಕೊಡುವುದು ವಿಮರ್ಶೆ, ಖಾಸಗಿ ಅಧ್ಯಯನ, ವರದಿಗಾರಿಕೆಯಂಥ ಕೆಲಸಗಳಿಗೆ. ನಮ್ಮ ಟ್ರೇಲರ್ ಪುಸ್ತಕ ಮಾರುವ ಜಾಹೀರಾತು. ಕೊನೆಯಲ್ಲಿ 'ಎಲ್ಲ ಹಕ್ಕುಗಳೂ ಮೂಲ ಒಡೆಯರವು' ಎಂದು ಬರೆದರೆ ಅದು ಪರವಾನಗಿ ಆಗುವುದಿಲ್ಲ, ತಪ್ಪೊಪ್ಪಿಗೆ ಆದೀತು ಅಷ್ಟೆ. ಇನ್‌ಸ್ಟಾಗ್ರಾಂನ ಒಳಗೆ ಸಿಗುವ ಹಾಡುಗಳನ್ನೂ ಮುಟ್ಟಬೇಡಿ. ಅವು ಜನರ ಸ್ವಂತ ಪೋಸ್ಟುಗಳಿಗೆಂದು ಇರುವವು, ವ್ಯಾಪಾರಕ್ಕಲ್ಲ.

ಬಳಸಬಹುದು, ಆದರೆ ಓದಿಕೊಂಡು: ಕ್ರಿಯೇಟಿವ್ ಕಾಮನ್ಸ್ ಸಂಗೀತ. ಅದರ ಹೆಸರಿನ ಬಾಲದಲ್ಲಿರುವ ಎರಡೆರಡು ಅಕ್ಷರದಲ್ಲೇ ಎಲ್ಲ ಇದೆ. CC0 ಇದ್ದರೆ ಯಾವ ಷರತ್ತೂ ಇಲ್ಲ. CC BY ಇದ್ದರೆ ಹೆಸರು ಹಾಕಿ ಬಳಸಿ. NC ಇದ್ದರೆ ವ್ಯಾಪಾರಕ್ಕೆ ನಿಷಿದ್ಧ, ಬಿಟ್ಟುಬಿಡಿ. ಚಾನೆಲ್ಲಿನಿಂದ ಒಂದು ರೂಪಾಯಿ ಬರದಿದ್ದರೂ ಪುಸ್ತಕ ಮಾರುವುದು ವ್ಯಾಪಾರವೇ. ND ಇದ್ದರೆ ಬದಲಾಯಿಸುವಂತಿಲ್ಲ ಎಂದರ್ಥ. 'ನಾವು ಒಂದು ಸ್ವರವನ್ನೂ ಬದಲಾಯಿಸಿಲ್ಲವಲ್ಲ ಸಾರ್' ಎಂದು ಒಬ್ಬ ಹುಡುಗ ವಾದಿಸಿದ. ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸಿದರೆ ಅದೇ ಬದಲಾವಣೆ ಎಂದು ಆ ಪರವಾನಗಿಯಲ್ಲೇ ಬರೆದಿದೆ. ಫೋಟೊಗಳು ನಿಂತೇ ಇದ್ದರೂ ಅವನ್ನು ಜೋಡಿಸಿದ ವಿಡಿಯೊ ಚಲಿಸುವ ಚಿತ್ರವೇ. SA ಇದ್ದರೆ ನಮ್ಮ ಟ್ರೇಲರನ್ನೂ ಅದೇ ಪರವಾನಗಿಯಲ್ಲಿ ಊರಿಗೆ ಬಿಟ್ಟುಕೊಡಬೇಕು; ಆಗ ಮುಖಪುಟದ ಕಲಾವಿದರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹೆಸರು ಹಾಕುವುದೆಂದರೆ ನಾಲ್ಕು ವಿಷಯ: ಕೃತಿಯ ಹೆಸರು, ಮಾಡಿದವರ ಹೆಸರು, ಎಲ್ಲಿಂದ ತಂದದ್ದು, ಯಾವ ಪರವಾನಗಿ. ಇದನ್ನು ಯೂಟ್ಯೂಬಿನ ವಿವರಣೆಯಲ್ಲಿ ಮಾತ್ರ ಬರೆದು ಕೈತೊಳೆದುಕೊಳ್ಳಬೇಡಿ. ನಮ್ಮ ಟ್ರೇಲರುಗಳು ಓಡಾಡುವುದು ವಾಟ್ಸಾಪಿನಲ್ಲಿ. ಅಲ್ಲಿಗೆ ವಿಡಿಯೊ ಮಾತ್ರ ಹೋಗುತ್ತದೆ, ವಿವರಣೆ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ವಿಡಿಯೊದ ಕೊನೆಯ ಹಲಗೆಯಲ್ಲೇ ಅದು ಇರಬೇಕು.

ಕೊನೆಗೆ ನಾವು ಮಾಡಿದ್ದು ಹೀಗೆ. ಊರಿನ ಕೊಳಲು ವಾದಕರೊಬ್ಬರನ್ನು ಕರೆದೆವು. ಪದ ಬೇಡ, ಧಾಟಿ ಬೇಡ, ಶಿವರಂಜನಿಯಲ್ಲಿ ನಿಮ್ಮ ಮನಸ್ಸಿಗೆ ಬಂದ ಆಲಾಪ ನುಡಿಸಿ ಎಂದೆವು. ರಾಗಕ್ಕೆ ಒಡೆಯರಿಲ್ಲ. ನಲವತ್ತು ನಿಮಿಷ ನುಡಿಸಿದರು. ಬೇಕಾದದ್ದು ಎಪ್ಪತ್ತು ಸೆಕೆಂಡು. ಕೊಟ್ಟದ್ದು 5,000 ರೂಪಾಯಿ, ಜೊತೆಗೆ ಒಂದು ಪುಟದ ಕಾಗದ. ಆ ಕಾಗದ ಮುಖ್ಯ.

ಕಾಗದದಲ್ಲಿ ಅವಧಿ, ಪ್ರದೇಶ ಬರೆಯಲೇಬೇಕು. ಬರೆಯದಿದ್ದರೆ ಕಾಯ್ದೆಯ 19ನೇ ಕಲಮು ತಾನೇ ತುಂಬಿಕೊಳ್ಳುತ್ತದೆ: ಅವಧಿ ಐದು ವರ್ಷ, ಪ್ರದೇಶ ಭಾರತ. ಯೂಟ್ಯೂಬ್ ಭಾರತಕ್ಕೆ ನಿಲ್ಲುವುದಿಲ್ಲ. ನಮ್ಮ ಓದುಗರು ದುಬೈಯಲ್ಲಿದ್ದಾರೆ, ನ್ಯೂಜೆರ್ಸಿಯಲ್ಲಿದ್ದಾರೆ. ಆರನೇ ವರ್ಷ ಮರುಮುದ್ರಣ ಬಂದಾಗ ಹಳೆ ಟ್ರೇಲರನ್ನು ಮತ್ತೆ ಬಳಸಲು ಹೋದರೆ ಹಕ್ಕು ಮುಗಿದಿರುತ್ತದೆ. ಆದ್ದರಿಂದ 'ಲೋಕದ ಎಲ್ಲೆಡೆ, ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ, ಈ ಪುಸ್ತಕದ ಪ್ರಚಾರಕ್ಕೆ, ಎಲ್ಲ ಮಾಧ್ಯಮಗಳಲ್ಲಿ, ಕತ್ತರಿಸಿ ಜೋಡಿಸುವ ಅನುಮತಿಯೊಂದಿಗೆ' ಎಂದು ಬಿಡಿಸಿ ಬರೆಯಿರಿ. ಸಂಯೋಜಿಸಿದ್ದು, ನುಡಿಸಿದ್ದು, ಮುದ್ರಿಸಿದ್ದು ಮೂರಕ್ಕೂ ಇದು ಅನ್ವಯ ಎಂದು ಸೇರಿಸಿ. ಇನ್ನೊಂದು ಸಾಲು ನಮಗೆ ತಡವಾಗಿ ಹೊಳೆಯಿತು: ವಾದಕರು ಅದೇ ಆಲಾಪವನ್ನು ನಾಳೆ ತಮ್ಮ ಆಲ್ಬಂಗೆ ಹಾಕಿ, ಅದು Content ID ಪಟ್ಟಿಗೆ ಸೇರಿದರೆ, ಅವರ ಹೆಸರಿನಲ್ಲಿ ನಮ್ಮದೇ ಟ್ರೇಲರಿಗೆ ತಕರಾರು ಬರುತ್ತದೆ. ಅವರಿಗೆ ಗೊತ್ತೇ ಇರುವುದಿಲ್ಲ, ಯಂತ್ರ ಮಾಡುವ ಕೆಲಸ. ಈ ತುಣುಕನ್ನು ಅಲ್ಲಿ ನೋಂದಾಯಿಸುವುದಿಲ್ಲ ಎಂದು ಬರೆಸಿಕೊಳ್ಳಿ.

ಇನ್ನು ದನಿ. ಫೋಟೊ ಜೋಡಿಸಿ ಆಮೇಲೆ ದನಿ ಹಾಕಬೇಡಿ. ದನಿ ಮೊದಲು. ಟ್ರೇಲರಿನ ಉದ್ದವನ್ನು ಅದೇ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ನಾಲ್ಕು ಸೆಕೆಂಡು ಬರೀ ಕೊಳಲು, ಆಮೇಲೆ 52 ಸೆಕೆಂಡು ಮಾತು, ಉಳಿದ 14ರಲ್ಲಿ ಮುಖಪುಟ ಮತ್ತು ಹೆಸರುಗಳು. 52 ಸೆಕೆಂಡಿಗೆ ಕನ್ನಡದಲ್ಲಿ 80ರಿಂದ 85 ಪದ ಸಾಕು. ಲೇಖಕಿ ಮೊದಲು ಬರೆದುಕೊಟ್ಟದ್ದು 160 ಪದ, ಇಡೀ ಕಥೆಯ ಸಾರಾಂಶ. ಓದಿಸಿದಾಗ ರೈಲ್ವೆ ನಿಲ್ದಾಣದ ಘೋಷಣೆಯಂತೆ ಕೇಳಿತು. ಅಜ್ಜ ಕೊನೆಯ ಸಲ ಹಟ್ಟಿಯ ಬಾಗಿಲು ತೆರೆದು ದನಗಳನ್ನು ಬಿಟ್ಟ ದೃಶ್ಯವನ್ನಷ್ಟೇ ಇಟ್ಟುಕೊಂಡೆವು.

ಮುದ್ರಿಸಲು ಸ್ಟುಡಿಯೊ ಬೇಕಿಲ್ಲ. ಹಾಸಿಗೆ, ಬಟ್ಟೆಯ ಬೀರು ಇರುವ ಕೋಣೆ ಸಾಕು. ಖಾಲಿ ಹಜಾರದಲ್ಲಿ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಫ್ಯಾನ್ ಆರಿಸಿ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಎದುರಿಗೇ ಹಿಡಿದರೆ ಪ, ಫ, ಭ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ಕೊನೆಯಲ್ಲಿ ಹತ್ತು ಸೆಕೆಂಡು ಏನೂ ಮಾತಾಡದೆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ. ಆಡಾಸಿಟಿಯಲ್ಲಿ ಗದ್ದಲ ತೆಗೆಯಲು ಆ ಮೌನವೇ ಮಾದರಿ. ಅತಿಯಾಗಿ ತೆಗೆದರೆ ದನಿ ನೀರಿನೊಳಗಿನ ಗುಳುಗುಳು ಆಗುತ್ತದೆ, ಆಗ ಹಿಂದಕ್ಕೆ ಬನ್ನಿ. ಮಾತು ಇರುವಲ್ಲಿ ಸಂಗೀತವನ್ನು ದನಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿಡಿ. ಪರೀಕ್ಷೆ ಹೆಡ್‌ಫೋನಿನಲ್ಲಿ ಬೇಡ. ಫೋನಿನ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ನಿಂತು ಕೇಳಿ. ಒಂದು ಪದ ತಪ್ಪಿಹೋದರೂ ಕೊಳಲನ್ನು ಇನ್ನಷ್ಟು ಇಳಿಸಿ.

ಫೋಟೊಗಳದ್ದು ಚಿಕ್ಕ ಮಾತು. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದನ್ನು ಹಾಕಬಾರದು, ಪತ್ರಿಕೆಯಲ್ಲಿ ಬಂದ ಹಳೆಯ ಚಿತ್ರವನ್ನೂ ಕೇಳದೆ ಹಾಕಬಾರದು. ಮುಖಪುಟದ ಚಿತ್ರ ನಮ್ಮದೇ ಪುಸ್ತಕದ್ದಾದರೂ ಕಲಾವಿದರು ಮುದ್ರಣಕ್ಕೆ ಮಾತ್ರ ಕೊಟ್ಟಿರಬಹುದು. ವಿಡಿಯೊಗೆ ಬೇರೆ ಒಪ್ಪಿಗೆ ಪಡೆಯಿರಿ. ಮನೆಯ ಆಲ್ಬಮ್ಮಿನ ಫೋಟೊ ಇದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಆರು ಇಂಚು ಅಗಲದ ಫೋಟೊಗೆ 3600 ಪಿಕ್ಸೆಲ್ ಸಿಗುತ್ತದೆ. ವಿಡಿಯೊ 1920 ಪಿಕ್ಸೆಲ್ ಅಗಲ; ಚಿತ್ರದ ಒಳಕ್ಕೆ ನಿಧಾನವಾಗಿ ಶೇಕಡಾ 20ರಷ್ಟು ಹೋಗಬೇಕಾದರೆ 2304 ಬೇಕು. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗಿ ಬರುತ್ತದೆ, ಅಜ್ಜಿಯ ಮುಖ ಹಿಟ್ಟಿನಂತಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಒಂದೊಂದು ಚಿತ್ರಕ್ಕೆ ಐದರಿಂದ ಏಳು ಸೆಕೆಂಡು, ವಾಕ್ಯ ಮುಗಿದಲ್ಲಿ ಬದಲಾವಣೆ. ಪುಟ ಮಗುಚುವುದು, ಹೃದಯ ಹಾರುವುದು ಇತ್ಯಾದಿ ಬೇಡ.

ಅಕ್ಷರಗಳನ್ನು ಎಡಿಟಿಂಗ್ ತಂತ್ರಾಂಶದೊಳಗೆ ಕೂಡಿಸಿ ನಂಬಬೇಡಿ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಶೀರ್ಷಿಕೆ ಅಲ್ಲಿ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಪುಸ್ತಕದ ಪುಟವಿನ್ಯಾಸ ಮಾಡಿದವರಿಂದಲೇ ಶೀರ್ಷಿಕೆಯ ಹಲಗೆಗಳನ್ನು ಪಿಎನ್‌ಜಿ ಚಿತ್ರವಾಗಿ ಮಾಡಿಸಿಕೊಳ್ಳಿ. ನೀವೇ ಮಾಡುವುದಾದರೆ ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ, ಬಲೂ ತಮ್ಮ ಇವೆ. ಮೂರೂ ಮುಕ್ತ ಪರವಾನಗಿಯವು. ಸಂಗೀತಕ್ಕೆ ಕಾಗದ ಕೇಳುವ ನಾವು ಕದ್ದ ಅಕ್ಷರ ಬಳಸುವುದು ಚೆನ್ನಾಗಿರುವುದಿಲ್ಲ.

ಏರಿಸುವಾಗ ಮೊದಲು ಯೂಟ್ಯೂಬಿನಲ್ಲಿ ಖಾಸಗಿಯಾಗಿ ಇಡಿ, ಒಂದು ದಿನ ಕಾಯಿರಿ. ತಕರಾರು ಬರುವುದಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಬಂದಿರುತ್ತದೆ. ಬಂದರೆ ಗಾಬರಿಯಿಂದ ಅಳಿಸಬೇಡಿ: Content ID ತಕರಾರು ಬೇರೆ, ಖಾತೆಗೆ ಬೀಳುವ ಹಕ್ಕುಸ್ವಾಮ್ಯದ ಸ್ಟ್ರೈಕ್ ಬೇರೆ. ನಿಮ್ಮ ಕೈಯಲ್ಲಿ ಕಾಗದ ಇದ್ದರೆ ಅದರ ವಿವರ ಕೊಟ್ಟು ಆಕ್ಷೇಪಿಸಿ; ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ಬಿಡುಗಡೆ ಸಮಾರಂಭ ಭಾನುವಾರ ಇಟ್ಟುಕೊಂಡು ಶನಿವಾರ ರಾತ್ರಿ ಏರಿಸಬಾರದು ಎನ್ನುವುದು ಇದಕ್ಕೇ. ಕಾಗದ ಇಲ್ಲದಿದ್ದರೆ ಆಕ್ಷೇಪಿಸಲು ಹೋಗಲೇಬೇಡಿ. ಸಂಗೀತ ತೆಗೆದು ಮತ್ತೆ ಕೂಡಿಸಿ.

ನನಗೆ ಕಳಿಸುವ ಫೋಲ್ಡರಿನಲ್ಲಿ ವಿಡಿಯೊ ಜೊತೆಗೆ ವಾದಕರ ಒಪ್ಪಂದ, ದನಿ ಕೊಟ್ಟವರ ಒಪ್ಪಿಗೆ, ಮುಖಪುಟದ ಕಲಾವಿದರ ಇಮೇಲ್ ಇರಲಿ. ಇಳಿಸಿಕೊಂಡ ಸಂಗೀತವಾದರೆ ಆ ದಿನ ಪುಟದಲ್ಲಿ ಕಂಡ ಪರವಾನಗಿಯ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಬೇಕು. ಆ ಪುಟಗಳು ನಾಳೆ ಮಾಯವಾಗುವುದೂ ಉಂಟು. ಇವು ಇಲ್ಲದ ಫೋಲ್ಡರಿನ ವಿಡಿಯೊವನ್ನು ನಾನು ತೆರೆಯುವುದಿಲ್ಲ.