ಸ್ವಿಚ್ಚು ಹಾಕುವಾಗ ಚಟಚಟ ಸದ್ದು ಬಂದರೆ

ಗೋಡೆಯ ಸ್ವಿಚ್ಚನ್ನು ಹಾಕಿದಾಗ ಒಳಗೆ ಸಣ್ಣದೊಂದು ನೀಲಿ ಕಿಡಿ ಹಾರುವುದು ಸಹಜ. ಕತ್ತಲಲ್ಲಿ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಒಂದೇ ಒಂದು ‘ಟಕ್’ ಸದ್ದಿನೊಡನೆ ಅದು ಮುಗಿದುಹೋದರೆ ಚಿಂತೆಗೆ ಕಾರಣವಿಲ್ಲ. ಕಿಡಿ ಹಗಲಲ್ಲಿಯೂ ಕಂಡು, ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಚಟ ಸದ್ದು ಬರುತ್ತಿದ್ದರೆ ಮಾತ್ರ ವಿಚಾರಿಸಬೇಕು.

ಸ್ವಿಚ್ಚಿನೊಳಗೆ ಎರಡು ಲೋಹದ ತುದಿಗಳಿರುತ್ತವೆ. ಇವನ್ನು ಕಾಂಟ್ಯಾಕ್ಟ್ ಎನ್ನುತ್ತಾರೆ. ಒಳ್ಳೆಯ ಸ್ವಿಚ್ಚಿನಲ್ಲಿ ಇವುಗಳ ತುದಿಗೆ ಬೆಳ್ಳಿ ಬೆರೆತ ಲೋಹದ ಚಿಕ್ಕ ಬೊಟ್ಟು ಇರುತ್ತದೆ. ಸ್ಪ್ರಿಂಗಿನ ಬಲದಿಂದ ತುದಿಗಳು ಕೂಡಿದಾಗ, ನೆಲಕ್ಕೆ ಬಿದ್ದ ಗೋಲಿಯಂತೆ, ಕಣ್ಣು ಮಿಟುಕಿಸುವುದರೊಳಗೆ ಹಲವು ಸಲ ಪುಟಿದು ಆಮೇಲೆ ನಿಲ್ಲುತ್ತವೆ. ಪ್ರತಿ ಪುಟಿತಕ್ಕೂ ಒಂದು ಕಿಡಿ. ಪ್ರತಿ ಕಿಡಿಯೂ ಲೋಹವನ್ನು ಕೂದಲೆಳೆಯಷ್ಟು ಕರಗಿಸಿ ಗುಳಿ ಮಾಡುತ್ತದೆ. ಗುಳಿಬಿದ್ದ ಮೈ ಸರಿಯಾಗಿ ಕೂಡುವುದಿಲ್ಲ; ಕೂಡದ ಕಡೆ ಬಿಸಿ ಹೆಚ್ಚುತ್ತದೆ; ಬಿಸಿಯಿಂದ ಸ್ಪ್ರಿಂಗಿನ ಬಿಗಿ ಕಳೆದು ಮತ್ತಷ್ಟು ಕಿಡಿ ಏಳುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಪದೇಪದೇ ಕಾಣುವ ಒಂದು ಏರ್ಪಾಡನ್ನು ನೋಡೋಣ. ಬಾವಿಯಿಂದ ಟ್ಯಾಂಕಿಗೆ ನೀರೆತ್ತಲು ಅರ್ಧ ಎಚ್.ಪಿ.ಯ ಸಿಂಗಲ್ ಫೇಸ್ ಪಂಪು; ಅದಕ್ಕೆ ಜಗುಲಿಯ ಬೋರ್ಡಿನಲ್ಲಿರುವ 6 ಆಂಪಿಯರ್ ಸ್ವಿಚ್ಚು. ಓಡುವಾಗ ಪಂಪು ಎಳೆಯುವುದು ಸುಮಾರು 4 ಆಂಪಿಯರ್. ಆದುದರಿಂದ 6 ಆಂಪಿಯರಿನ ಸ್ವಿಚ್ಚು ಧಾರಾಳವಾಯಿತೆಂದು ತೋರುತ್ತದೆ. ಆದರೆ ನಿಂತ ಮೋಟಾರು ಹೊರಡುವಾಗ ಐದಾರು ಪಟ್ಟು, ಎಂದರೆ 20 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಕಾಂಟ್ಯಾಕ್ಟು ಪುಟಿಯುತ್ತಿರುವುದೂ ಸರಿಯಾಗಿ ಆ ಗಳಿಗೆಯಲ್ಲಿಯೇ. ಸಂಜೆ ವೋಲ್ಟೇಜು ಇಳಿದಾಗ ಮೋಟಾರು ವೇಗ ಹಿಡಿಯಲು ತಡವಾಗುವುದರಿಂದ, ಹೆಚ್ಚಿನ ಕರೆಂಟು ಹರಿಯುವ ಹೊತ್ತೂ ಉದ್ದವಾಗುತ್ತದೆ.

ಸವೆದ ಕಾಂಟ್ಯಾಕ್ಟಿನಲ್ಲಿ ಅರ್ಧ ಓಮ್ ತಡೆ ಹುಟ್ಟಿದೆಯೆನ್ನಿ. ಆಂಪಿಯರನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಓಮಿನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ ವ್ಯಾಟಿನಲ್ಲಿ ದೊರೆಯುತ್ತದೆ. 60 ವ್ಯಾಟಿನ ಬಲ್ಬು ಉರಿಯುವಾಗ ಹರಿಯುವುದು ಕಾಲು ಆಂಪಿಯರ್. ಶಾಖ ಲೆಕ್ಕಕ್ಕೇ ಇಲ್ಲ. ಪಂಪು ಓಡುವಾಗ 4ನ್ನು 4ರಿಂದ ಗುಣಿಸಿ ಅರ್ಧ ಮಾಡಿದರೆ 8 ವ್ಯಾಟ್. ಹೊರಡುವ ಕ್ಷಣದಲ್ಲಿ 20 ಆಂಪಿಯರಿಗೆ 200 ವ್ಯಾಟ್. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ 8 ವ್ಯಾಟ್ ಒಂದು ಗಂಟೆ ಹೊತ್ತು ಕುಳಿತರೆ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗುತ್ತದೆ.

ಫ್ಯೂಸು ಹೋಗಿಲ್ಲ, ಎಂ.ಸಿ.ಬಿ. ಬಿದ್ದಿಲ್ಲ ಎಂಬ ಧೈರ್ಯ ಇಲ್ಲಿ ಸಲ್ಲದು. ಅವು ನೋಡುವುದು ಕರೆಂಟು ಮಿತಿಮೀರಿತೇ ಎಂಬುದನ್ನು ಮಾತ್ರ. ಸವೆದ ಜಾಗ ಕರೆಂಟನ್ನು ಹೆಚ್ಚಿಸುವುದಿಲ್ಲ, ತುಸು ತಗ್ಗಿಸಲೂಬಹುದು. ಆದ್ದರಿಂದ ಸ್ವಿಚ್ಚು ಸುಡುತ್ತಿದ್ದರೂ ಅವು ಸುಮ್ಮನಿರುತ್ತವೆ.

ದೋಷ ಸವೆತದ್ದೋ ಹೊರೆಯದ್ದೋ ಎಂದು ತಿಳಿಯಲು, ಪಂಪಿನ ಪ್ಲಗ್ಗು ಕಿತ್ತು ಅದೇ ಸಾಕೆಟ್ಟಿಗೆ ಒಂದು ಬಲ್ಬು ಕೊಟ್ಟು ಎರಡು ಮೂರು ಸಲ ಸ್ವಿಚ್ಚು ಹಾಕಿ ನೋಡಿ. ಬಲ್ಬಿಗೂ ಚಟಗುಟ್ಟಿದರೆ ಅಥವಾ ಬೆಳಕು ನಡುಗಿದರೆ ಕಾಂಟ್ಯಾಕ್ಟು ಕೆಟ್ಟಿದೆ, ಇಲ್ಲವೆ ತಂತಿಯ ಸ್ಕ್ರೂ ಸಡಿಲವಾಗಿದೆ. ಬಲ್ಬಿಗೆ ಸದ್ದಿಲ್ಲದೆ ಪಂಪಿಗೆ ಮಾತ್ರ ಕಿಡಿ ಹಾರಿದರೆ ಸ್ವಿಚ್ಚಿಗೆ ಹೊರೆ ಹೆಚ್ಚಾಗಿದೆ. ಸವೆತ ಆಗಲೇ ಶುರುವಾಗಿರಲೂಬಹುದು. ಹಾಕುವಾಗಷ್ಟೇ ಅಲ್ಲದೆ ಪಂಪು ಓಡುತ್ತಿರುವಷ್ಟು ಹೊತ್ತೂ ಸದ್ದು ಬರುತ್ತಿದ್ದರೆ, ಕೂಡಲೇ ಮೇನ್ ಸ್ವಿಚ್ಚು ತೆಗೆಯತಕ್ಕದ್ದು. ಮಳೆಗಾಲದಲ್ಲಿ ಬೋರ್ಡಿನೊಳಗೆ ಇರುವೆ ಸೇರುವುದೂ ಉಂಟು. ಕಾಂಟ್ಯಾಕ್ಟಿನ ನಡುವೆ ಸಿಕ್ಕಿ ಸುಟ್ಟ ಇರುವೆಯ ಮಸಿಯೂ ಇದೇ ಸದ್ದು ಮಾಡುತ್ತದೆ.

ಕೆಟ್ಟ ಸ್ವಿಚ್ಚನ್ನು ಬಿಚ್ಚಿ ಮರಳುಕಾಗದದಿಂದ ಉಜ್ಜುವ ಅಭ್ಯಾಸ ಕೆಲವರಿಗಿದೆ. ಉಜ್ಜಿದರೆ ಇದ್ದ ಬೆಳ್ಳಿಯೂ ಹೋಗಿ ಸ್ವಿಚ್ಚು ಮೊದಲಿಗಿಂತ ಬೇಗ ಸುಡುತ್ತದೆ. ಎಣ್ಣೆ ಹಾಕುವುದಂತೂ ಕೂಡದು. ಸ್ವಿಚ್ಚನ್ನೇ ಬದಲಿಸಬೇಕು, ಅದೂ 6 ಆಂಪಿಯರಿನದಲ್ಲ. ಪಂಪಿಗೆಂದೇ ಬೇರೆ ಲೈನು ಎಳೆಸಿ, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿಸಿ, ಮೋಟಾರಿಗೆ ತಕ್ಕ ಸ್ಟಾರ್ಟರನ್ನೋ 16 ಆಂಪಿಯರಿನ ಡಬಲ್ ಪೋಲ್ ಸ್ವಿಚ್ಚನ್ನೋ ಕೂರಿಸುವುದು ಸರಿಯಾದ ಕ್ರಮ. ಹಳೆಯ ತೆಳ್ಳನೆಯ ತಂತಿಗೆ ದೊಡ್ಡ ಸ್ವಿಚ್ಚು ಹಾಕಿದರೆ ಬಿಸಿ ಸ್ವಿಚ್ಚಿನಿಂದ ತಂತಿಗೆ ದಾಟುತ್ತದೆ, ಅಷ್ಟೆ.

ಕೆಲಸವನ್ನು ಲೈಸೆನ್ಸು ಇರುವ ವೈರ್‌ಮನ್ನರಿಂದಲೇ ಮಾಡಿಸಿ. ಮೇನ್ ತೆಗೆಸಿ, ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಪರೀಕ್ಷಿಸಿ, ಆಮೇಲೆ ಬೋರ್ಡಿಗೆ ಮುಟ್ಟಿಸಲು ಹೇಳಿ. ಸುಟ್ಟು ಗಡುಸಾದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿಯೇ ಹೊಸ ಸ್ಕ್ರೂವಿಗೆ ಕೊಡಬೇಕು. ಮಾರನೆಯ ದಿನ ಪಂಪು ಅರ್ಧ ಗಂಟೆ ಓಡಿದ ಮೇಲೆ ಒಣಗಿದ ಕೈಯ ಹಿಂಬದಿಯನ್ನು ಸ್ವಿಚ್ಚಿನ ಮೇಲೆ ಇಟ್ಟು ನೋಡಿ. ಗೋಡೆಗಿಂತ ಬಿಸಿ ಎನ್ನಿಸಿದರೆ, ಒಳಗಿನ ಯಾವುದೋ ಸ್ಕ್ರೂ ಇನ್ನೂ ಬಿಗಿಯಾಗಿಲ್ಲ. ವೈರ್‌ಮನ್ನರನ್ನು ಮತ್ತೆ ಕರೆಸಿ.